ಕೊನೆಯ ಇಂಜೆಕ್ಷನ್‌ನಿಂದ ದಿನ ಎಣಿಸೋಣ

ಬಕ್ರೀದ್‌ಗೆ ಆಡು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಕಾಲು ನೋಡುತ್ತೇವೆ, ಕಿವಿ ಹರಿದಿದೆಯೋ ಎಂದು ನೋಡುತ್ತೇವೆ. ಅದಕ್ಕೆ ಇತ್ತೀಚೆಗೆ ಯಾವ ಔಷಧ ಕೊಟ್ಟದ್ದು ಎಂದು ಕೇಳುವವರು ಕಡಿಮೆ. ಸಂತೆಯಿಂದ ಲಾರಿಯಲ್ಲಿ ಬಂದ ಆಡಿಗೆ ದಾರಿಯ ದಣಿವಿನಿಂದ ಕೆಮ್ಮು, ಜ್ವರ ಬರುವುದು ಮಾಮೂಲಿ. ಆಗ ಆ್ಯಂಟಿಬಯೋಟಿಕ್ ಕೊಡುವುದೂ ಸರಿಯೇ. ಆದರೆ ಔಷಧ ಮೈಯಿಂದ ಪೂರ್ತಿ ಇಳಿಯಲು ಸಮಯ ಬೇಕು. ಕೊನೆಯ ಡೋಸ್ ಕೊಟ್ಟ ಮೇಲೆ ಮಾಂಸ ಅಥವಾ ಹಾಲನ್ನು ಬಳಸದೆ ಕಾಯಬೇಕಾದ ದಿನಗಳಿಗೆ 'ವಿದ್‌ಡ್ರಾವಲ್ ಪೀರಿಯಡ್' ಎನ್ನುತ್ತಾರೆ.

ಎಷ್ಟು ದಿನ? ಔಷಧದ ಬಾಟಲಿಯ ಮೇಲೆಯೇ ಬರೆದಿರಬೇಕು. ಬರೆಯದಿದ್ದರೆ, 2012ರಲ್ಲಿ ತಿದ್ದುಪಡಿಯಾದ ಕೇಂದ್ರದ ಔಷಧ ನಿಯಮದಂತೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿ, ಆಡು, ದನದಂಥವುಗಳ ಮಾಂಸಕ್ಕೆ ಕನಿಷ್ಠ 28 ದಿನ. ಎಣಿಕೆ ಶುರುವಾಗುವುದು ಮೊದಲ ಇಂಜೆಕ್ಷನ್‌ನಿಂದಲ್ಲ, ಕೊನೆಯದರಿಂದ.

ಒಂದು ಲೆಕ್ಕ ಹಾಕೋಣ. ಹಬ್ಬಕ್ಕೆ 25 ದಿನ ಇರುವಾಗ ಆಡು ತಂದೆವು. ಮೂರು ದಿನ ಬಿಟ್ಟು ಜ್ವರ ಬಂತು. ದಿನಕ್ಕೊಂದರಂತೆ ಮೂರು ಇಂಜೆಕ್ಷನ್ ಆಯಿತು. ಕೊನೆಯದು ಹಬ್ಬಕ್ಕೆ 20 ದಿನ ಇರುವಾಗ. ಬಾಟಲಿಯಲ್ಲಿ 10 ದಿನ ಎಂದಿದ್ದರೆ ತೊಂದರೆ ಇಲ್ಲ. 28 ದಿನ ಎಂದಿದ್ದರೆ ಅವಧಿ ಮುಗಿಯುವುದು ಹಬ್ಬ ಕಳೆದು 8 ದಿನಕ್ಕೆ. ಕುರ್ಬಾನಿಯ ಸಮಯವಾದ ಹಬ್ಬದ ದಿನ ಮತ್ತು ಮುಂದಿನ ಮೂರು ದಿನಗಳು ಅಷ್ಟರಲ್ಲಿ ಮುಗಿದಿರುತ್ತವೆ. ಹಾಗಿದ್ದರೆ ಬೇರೆ ಆಡು ನೋಡಬೇಕು. ಮೊದಲನೆಯದನ್ನು ಸಾಕಿ ಮುಂದೆ ಬಳಸಬಹುದು. ಅದನ್ನು ನೇರ್ಚೆ ಮಾಡಿಕೊಂಡದ್ದಾದರೆ, ಬದಲಾಯಿಸುವ ಮೊದಲು ಖತೀಬರಲ್ಲಿ ಕೇಳಿ. ಹಬ್ಬ ಹತ್ತಿರ ಉಂಟು ಎಂದು ಚಿಕಿತ್ಸೆಯನ್ನೇ ತಪ್ಪಿಸುವುದು ಮಾತ್ರ ಸಲ್ಲದು.

"ಕೊಯ್ಯುವಾಗ ರಕ್ತವೆಲ್ಲ ಹೋಗ್ತದಲ್ಲ, ಮತ್ತೆಂತ?" ಎಂದು ಕೇಳುವವರಿದ್ದಾರೆ. ರಕ್ತದಲ್ಲಿರುವುದು ಹೋಗುತ್ತದೆ, ಮಾಂಸ, ಲಿವರ್, ಕಿಡ್ನಿಯಲ್ಲಿ ಸೇರಿದ್ದು ಉಳಿಯುತ್ತದೆ. ಆಡು, ದನಗಳಿಗೆ ತುಂಬಾ ಬಳಸುವ ಆಕ್ಸಿಟೆಟ್ರಾಸೈಕ್ಲಿನ್‌ನ ಅಂತರರಾಷ್ಟ್ರೀಯ ಮಿತಿಯನ್ನೇ ನೋಡಿ: ಒಂದು ಕಿಲೋ ಮಾಂಸದಲ್ಲಿ 200 ಮೈಕ್ರೋಗ್ರಾಂ, ಲಿವರ್‌ನಲ್ಲಿ 600, ಕಿಡ್ನಿಯಲ್ಲಿ 1200. ಔಷಧ ಎಲ್ಲಿ ಹೆಚ್ಚು ನಿಲ್ಲುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಸೂಜಿ ಚುಚ್ಚಿದ ಜಾಗದಲ್ಲೂ ಹೆಚ್ಚು ದಿನ ಉಳಿಯಬಹುದು. ಬೇಯಿಸಿದರೆ ರೋಗಾಣು ಸಾಯುತ್ತದೆ, ಆದರೆ ಔಷಧದ ಅಂಶ ಪೂರ್ತಿ ಹೋಗುತ್ತದೆ ಎನ್ನುವಂತಿಲ್ಲ.

ಹಾಲಿನ ಕಥೆಯೂ ಇದೇ. ಕೆಚ್ಚಲು ಬಾವು ಬಂದ ದನದ ಒಂದೇ ಮೊಲೆಗೆ ಔಷಧದ ಟ್ಯೂಬ್ ಏರಿಸಿದರೂ, ಅವಧಿ ಮುಗಿಯುವ ತನಕ ನಾಲ್ಕೂ ಮೊಲೆಯ ಹಾಲು ಬಿಡಬೇಕು. ಔಷಧ ರಕ್ತದ ಮೂಲಕ ಉಳಿದ ಮೊಲೆಗಳಿಗೂ ಸೇರಬಹುದು. ಹಾಲಿನಲ್ಲಿ ಪೆನಿಸಿಲಿನ್ ಮಿತಿ ಕಿಲೋಗೆ 4 ಮೈಕ್ರೋಗ್ರಾಂ. ಅಂದರೆ ಒಂದೇ ಒಂದು ಮಿಲಿಗ್ರಾಂ ಔಷಧ ಸುಮಾರು 250 ಲೀಟರ್ ಹಾಲನ್ನು ಆ ಮಿತಿಗೆ ಮುಟ್ಟಿಸುತ್ತದೆ. ಹಾಗಾಗಿ ಕ್ಯಾನ್‌ಗೆ ಬೇರೆ ಹಾಲು ಬೆರೆಸಿದರೆ ಸಾಕು ಎನ್ನುವ ಲೆಕ್ಕ ನಡೆಯುವುದಿಲ್ಲ. ಇಂಥ ಹಾಲು ಕೆಲವೊಮ್ಮೆ ಮೊಸರಾಗುವುದಿಲ್ಲ. ಆದರೆ ಮಳೆಗಾಲದ ಚಳಿಗೆ, ಹೆಪ್ಪು ಹಳತಾದರೆ ಕೂಡ ಮೊಸರು ಕೂರುವುದಿಲ್ಲ. ಮೊಸರು ಚೆನ್ನಾಗಿ ಆಯಿತೆಂದರೆ ಹಾಲು ಶುದ್ಧ ಎಂದೂ ಅಲ್ಲ.

ಅಪಾಯ ಎಷ್ಟು? ಮಿತಿ ಮೀರಿದ ಮಾಂಸವನ್ನು ಒಂದು ದಿನ ತಿಂದ ಕೂಡಲೇ ಕಾಯಿಲೆ ಬೀಳುವುದು ಅಪರೂಪ. ಪೆನಿಸಿಲಿನ್ ಅಲರ್ಜಿ ತೀವ್ರವಾಗಿ ಇರುವವರಿಗೆ ಮಾತ್ರ ಸ್ವಲ್ಪವೂ ತೊಂದರೆ ಕೊಡಬಹುದು. ದೊಡ್ಡ ಚಿಂತೆ ಎಂದರೆ, ಬೇಕಾಬಿಟ್ಟಿ ಬಳಕೆಯಿಂದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುವುದು. ನಾಳೆ ನಮ್ಮ ಮಗುವಿಗೆ ಜ್ವರ ಬಂದಾಗ ಅದೇ ಮದ್ದು ನಾಟದೆ ಹೋದೀತು.

ಮಾಂಸವನ್ನು ಕಣ್ಣಲ್ಲಿ ನೋಡಿ, ಮೂಸಿ ಇದನ್ನು ಕಂಡುಹಿಡಿಯಲಾಗದು. ನಮ್ಮ ಕೈಯಲ್ಲಿರುವುದು ಕೇಳುವುದು. "ಕಾಕಾ, ಇದಕ್ಕೆ ಕಡೆಯ ಇಂಜೆಕ್ಷನ್ ಯಾವಾಗ, ಯಾವುದು?" ಎನ್ನಿ. ಡಾಕ್ಟರರ ಚೀಟಿ ಅಥವಾ ಬಾಟಲಿಯ ಫೋಟೋ ಸಿಕ್ಕರೆ ಒಳ್ಳೆಯದು. ಬಾಟಲಿಯಲ್ಲಿ ಆಡಿನ ಹೆಸರೇ ಇಲ್ಲದಿದ್ದರೆ ಎಷ್ಟು ದಿನ ಕಾಯಬೇಕೆಂದು ಪಶುವೈದ್ಯರನ್ನೇ ಕೇಳಿ. ಉತ್ತರ ಸಿಗದ ಪ್ರಾಣಿಯನ್ನು 28 ದಿನ ಮೊದಲೇ ಕೊಂಡು ಮನೆಯಲ್ಲಿ ಕಟ್ಟಿಕೊಂಡರೆ ಬಹುಪಾಲು ಚಿಂತೆ ಕಳೆಯಿತು. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಲಿವರ್, ಕಿಡ್ನಿಯನ್ನು ಪದೇ ಪದೇ ತರುವುದು ಬೇಡ.

ಮನೆಗೆ ಹಾಲು ಕೊಡುವವರಿಗೆ ಇನ್ನೊಂದು ಮಾತು ಹೇಳಿಡಬಹುದು: "ದನಕ್ಕೆ ಮದ್ದು ಕೊಟ್ಟ ದಿನ ಹೇಳಿ, ಆ ವಾರ ಹಾಲು ಬೇಡ, ದುಡ್ಡು ಅರ್ಧ ಕೊಡ್ತೇವೆ." ಹಾಲು ಚೆಲ್ಲಿದರೆ ನಷ್ಟ ಅವರೊಬ್ಬರದೇ ಆದಾಗ ಸುಮ್ಮನೆ ಕ್ಯಾನ್‌ಗೆ ಸುರಿಯುವ ಆಸೆ ಬರುತ್ತದೆ. ಆ ನಷ್ಟದಲ್ಲಿ ನಾವೂ ಪಾಲು ತೆಗೆದುಕೊಂಡರೆ ಅವರು ನಿಜ ಹೇಳುವುದು ಸುಲಭವಾಗುತ್ತದೆ.