ಸಮೀಕ್ಷೆಯ ಶೇಕಡಾವಾರು ಎಲ್ಲಿಂದ ಬಂತು?

1993ರ ಏಪ್ರಿಲ್‌ನಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಬಂದ ಒಂದು ಸುದ್ದಿ ಓದುಗರನ್ನು ಬೆಚ್ಚಿಬೀಳಿಸಿತು. ಹಿಟ್ಲರನ ಕಾಲದಲ್ಲಿ ಯಹೂದಿಗಳ ಸಾಮೂಹಿಕ ಹತ್ಯೆ ನಡೆದೇ ಇಲ್ಲದಿರಬಹುದು ಎಂದು ಅಮೆರಿಕದ ಪ್ರತಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಭಾವಿಸಿದ್ದಾರೆ ಎಂಬುದು ಆ ಸುದ್ದಿ. ಸಮೀಕ್ಷೆ ಮಾಡಿದ್ದು ರೋಪರ್ ಎಂಬ ಹಳೆಯ, ಹೆಸರುವಾಸಿ ಸಂಸ್ಥೆ. ಸುಮಾರು ಒಂದು ಸಾವಿರ ವಯಸ್ಕರನ್ನು ಮಾತನಾಡಿಸಿದ್ದರು. ಶೇ. 22ರಷ್ಟು ಜನ 'ಸಾಧ್ಯ' ಎಂದಿದ್ದರು, ಇನ್ನೂ ಶೇ. 12ರಷ್ಟು ಜನ 'ಗೊತ್ತಿಲ್ಲ' ಎಂದಿದ್ದರು. ವಾಷಿಂಗ್ಟನ್ನಿನಲ್ಲಿ ಆ ಹತ್ಯಾಕಾಂಡದ ಸ್ಮಾರಕ ಮ್ಯೂಸಿಯಂ ಉದ್ಘಾಟನೆಯಾಗುತ್ತಿದ್ದ ಹೊತ್ತು ಅದು. ಬದುಕುಳಿದವರು ಇನ್ನೂ ನಡುವೆ ಇರುವಾಗಲೇ ದೇಶ ಇಷ್ಟು ಮರೆಯಿತೇ ಎಂಬ ಸಂಕಟ ಎಲ್ಲೆಡೆ ಹರಡಿತು.

ಹಾಗಾದರೆ ಜನರನ್ನು ಕೇಳಿದ್ದೇನು? ಪ್ರಶ್ನೆಯ ತಾತ್ಪರ್ಯ ಹೀಗಿತ್ತು: ನಾಜಿಗಳು ಯಹೂದಿಗಳನ್ನು ನಿರ್ನಾಮ ಮಾಡಿದ್ದು ಎಂದೂ ನಡೆಯಲೇ ಇಲ್ಲ ಎಂಬುದು ನಿಮಗೆ ಸಾಧ್ಯವೆನಿಸುತ್ತದೆಯೋ, ಅಸಾಧ್ಯವೆನಿಸುತ್ತದೆಯೋ? ಇದನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡು ತಕ್ಷಣ ಉತ್ತರಿಸಲು ಪ್ರಯತ್ನಿಸಿ. ಹತ್ಯೆ ನಡೆದದ್ದು ನಿಜ ಎಂದು ನಂಬುವವರು 'ಅಸಾಧ್ಯ' ಎನ್ನಬೇಕು. 'ನಡೆಯಲೇ ಇಲ್ಲ' ಎಂಬುದು 'ಅಸಾಧ್ಯ', ಅಂದರೆ ನಡೆದಿದೆ. ಎರಡು ನಿಷೇಧಗಳನ್ನು ಮನಸ್ಸಿನಲ್ಲೇ ಬಿಡಿಸಿಕೊಂಡ ಮೇಲಷ್ಟೇ ಸರಿಯಾದ ಉತ್ತರ ಸಿಗುತ್ತದೆ. ಪುಟ ಮುಂದಿಟ್ಟುಕೊಂಡು ಓದುವವರಿಗೇ ಇದು ತೊಡಕು. ಮನೆ ಬಾಗಿಲಿಗೆ ಬಂದವರು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಿರುವಾಗ, ಕಿವಿಯಲ್ಲಷ್ಟೇ ಕೇಳಿಸಿಕೊಂಡು ಉತ್ತರಿಸುವವರ ಪಾಡು ಊಹಿಸಬಹುದು.

1994ರಲ್ಲಿ ರೋಪರ್ ಅದೇ ವಿಷಯವನ್ನು ಮತ್ತೆ ಕೇಳಿತು. ಈ ಸಲ ಆಯ್ಕೆಗಳು ನೇರವಾಗಿದ್ದವು: ನಡೆಯದೇ ಇದ್ದಿರಬಹುದು ಎನಿಸುತ್ತದೆಯೋ, ಖಂಡಿತ ನಡೆದಿದೆ ಎನಿಸುತ್ತದೆಯೋ? ಶೇ. 22 ಇದ್ದದ್ದು ಶೇ. 1ಕ್ಕೆ ಇಳಿಯಿತು. ಖಂಡಿತ ನಡೆದಿದೆ ಎಂದವರು ಶೇ. 91. ಒಂದೂವರೆ ವರ್ಷದಲ್ಲಿ ಜನರ ಮನಸ್ಸು ಇಷ್ಟು ಬದಲಾಗಿರಲಿಲ್ಲ, ಬದಲಾದದ್ದು ವಾಕ್ಯ. ಮೊದಲ ಸಮೀಕ್ಷೆಯ ಜೊತೆ ಪ್ರಕಟವಾಗುವ 'ದೋಷಮಿತಿ' ಈ ತಪ್ಪನ್ನು ಹಿಡಿಯುವುದೇ ಇಲ್ಲ ಎಂಬುದನ್ನು ಗಮನಿಸಬೇಕು. ದೋಷಮಿತಿ ಹೇಳುವುದು ಎಲ್ಲರನ್ನೂ ಕೇಳದೆ ಕೆಲವರನ್ನು ಮಾತ್ರ ಕೇಳಿದ್ದರಿಂದ ಆಗಬಹುದಾದ ವ್ಯತ್ಯಾಸವನ್ನು. ಪ್ರಶ್ನೆಯೇ ಸೊಟ್ಟಗಿದ್ದರೆ ಸಾವಿರದ ಬದಲು ಲಕ್ಷ ಜನರನ್ನು ಕೇಳಿದರೂ ಅದೇ ಸೊಟ್ಟ ಉತ್ತರ ಬರುತ್ತದೆ.

ಈ ಸಮೀಕ್ಷೆಗೆ ಹಣ ಕೊಟ್ಟದ್ದು ಯಹೂದಿ ದ್ವೇಷದ ವಿರುದ್ಧ ದಶಕಗಳಿಂದ ಕೆಲಸ ಮಾಡುತ್ತಿದ್ದ ಅಮೆರಿಕನ್ ಜ್ಯೂಯಿಷ್ ಕಮಿಟಿ. ಅವರು ಯಾರನ್ನೂ ಮೋಸ ಮಾಡಲಿಲ್ಲ. ಆದರೆ ತಾವು ಅಂಜುತ್ತಿದ್ದುದನ್ನೇ ಅಂಕಿ ಹೇಳಿದಾಗ ಅದನ್ನು ಅನುಮಾನಿಸುವುದು ಯಾರಿಗೂ ಕಷ್ಟ. ಪ್ರಶ್ನೆಯ ತೊಡಕು ಬಯಲಾದ ಮೇಲೆ ಅವರೇ ಮರುಸಮೀಕ್ಷೆ ಮಾಡಿಸಿ ಹೊಸ ಅಂಕಿಯನ್ನು ಪ್ರಕಟಿಸಿದ್ದು ದೊಡ್ಡ ಮಾತು. ಎಷ್ಟೋ ಪ್ರಾಯೋಜಕರು ಹಾಗೆ ಮಾಡುವುದಿಲ್ಲ. ಯಾರು ಹಣ ಕೊಟ್ಟರು ಎಂದು ಕೇಳಿದ ಮಾತ್ರಕ್ಕೆ ಸಮೀಕ್ಷೆಯನ್ನು ಸುಳ್ಳೆಂದು ತಳ್ಳಿಹಾಕಿದಂತಲ್ಲ. ಹಣ ಕೊಟ್ಟವರು ಅಂಕಿಗಳನ್ನು ತಿದ್ದಬೇಕಾಗಿಯೇ ಇಲ್ಲ. ಯಾವ ವಿಷಯ ಕೇಳಬೇಕು, ಯಾವ ಪ್ರಶ್ನೆಯ ಹಿಂದೆ ಯಾವ ಪ್ರಶ್ನೆ ಬರಬೇಕು, ಇಪ್ಪತ್ತು ಉತ್ತರಗಳಲ್ಲಿ ಯಾವ ಎರಡನ್ನು ಪತ್ರಿಕೆಗೆ ಕೊಡಬೇಕು ಎಂಬುದು ಅವರ ಕೈಯಲ್ಲಿದ್ದರೆ ಸಾಕು. ರಾಜಕೀಯ ಪಕ್ಷದ 'ಆಂತರಿಕ ಸಮೀಕ್ಷೆ' ಹೊರಬಂದಾಗಲೆಲ್ಲ ಆ ಪಕ್ಷವೇ ಮುಂದಿರುವುದನ್ನು ನೋಡುತ್ತೇವೆ. ಹಿಂದಿದ್ದ ಸಮೀಕ್ಷೆಗಳು ಹೊರಗೆ ಬರುವುದಿಲ್ಲ, ಅಷ್ಟೇ.

2014ರ ಲೋಕಸಭಾ ಚುನಾವಣೆಗೆ ಮುನ್ನ ಹಿಂದಿ ಸುದ್ದಿವಾಹಿನಿಯೊಂದು ಕೆಲವು ಸಮೀಕ್ಷಾ ಸಂಸ್ಥೆಗಳ ಮೇಲೆ ಕುಟುಕು ಕಾರ್ಯಾಚರಣೆ ನಡೆಸಿತ್ತು. ಹಣ ಕೊಟ್ಟರೆ ದೋಷಮಿತಿಯನ್ನು ಹಿಗ್ಗಿಸಿ ಗಿರಾಕಿಗೆ ಬೇಕಾದ ಸ್ಥಾನಗಳನ್ನು ತೋರಿಸಲು ಕೆಲವರು ಸಿದ್ಧರಿದ್ದಾರೆ ಎಂಬುದು ಅದರ ಆರೋಪ. ಆ ಆರೋಪದ ಸತ್ಯಾಸತ್ಯ ಏನೇ ಇರಲಿ, ಅದರಲ್ಲಿ ಹೇಳಿದ ದಾರಿ ತಿಳಿದಿರಬೇಕಾದದ್ದು. ಮಿತಿ ಹಿಗ್ಗಿದಷ್ಟೂ ಇಂತಿಷ್ಟರಿಂದ ಇಂತಿಷ್ಟು ಸ್ಥಾನ ಎಂಬ ಅಂದಾಜು ಅಗಲವಾಗುತ್ತದೆ, ಅದರ ಮೇಲಿನ ತುದಿಯನ್ನು ಹಿಡಿದು ತಲೆಬರಹ ಮಾಡಬಹುದು.

ಇನ್ನು ಒಳಗುಂಪುಗಳ ಲೆಕ್ಕ. ನಾವು ಹೆಚ್ಚು ಮೋಸಹೋಗುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ಕರ್ನಾಟಕದಲ್ಲಿ 1,200 ಮತದಾರರನ್ನು ಕೇಳಿದ ಒಂದು ಸಮೀಕ್ಷೆ ಇದೆ ಎಂದುಕೊಳ್ಳೋಣ. 'ದೋಷಮಿತಿ ಶೇ. 3' ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಅದು ಇಡೀ 1,200 ಜನರಿಗೆ ಅನ್ವಯಿಸುವ ಮಾತು. ಪತ್ರಿಕೆ ಆ ಅಂಕಿಗಳನ್ನು ಬೆಂಗಳೂರು, ಹಳೇ ಮೈಸೂರು, ಮಧ್ಯ ಕರ್ನಾಟಕ, ಕಿತ್ತೂರು ಕರ್ನಾಟಕ, ಕಲ್ಯಾಣ ಕರ್ನಾಟಕ, ಕರಾವಳಿ ಎಂದು ಆರು ಪಾಲು ಮಾಡಿ ಬಣ್ಣದ ನಕ್ಷೆ ಹಾಕುತ್ತದೆ. ಸಮನಾಗಿ ಹಂಚಿದರೆ ಒಂದೊಂದು ಪಾಲಿಗೆ 200 ಜನ. ಒಂದು ಸರಳ ಲೆಕ್ಕವಿದೆ: ಕೇಳಿದವರ ಸಂಖ್ಯೆಯ ವರ್ಗಮೂಲದಿಂದ 100ನ್ನು ಭಾಗಿಸಿ. 200ರ ವರ್ಗಮೂಲ ಸುಮಾರು 14, ಆದ್ದರಿಂದ ದೋಷಮಿತಿ ಶೇ. 7ರಷ್ಟು.

ಕರಾವಳಿಯಲ್ಲಿ ಒಂದು ಪಕ್ಷಕ್ಕೆ ಶೇ. 44, ಇನ್ನೊಂದಕ್ಕೆ ಶೇ. 38 ಎಂದು ಬಂದಿದ್ದರೆ 'ಸ್ಪಷ್ಟ ಮುನ್ನಡೆ' ಎಂದು ಬರೆಯುತ್ತಾರೆ. ಆದರೆ ಏಳು ಅಂಶಗಳ ಮಿತಿ ಒಂದೊಂದು ಪಕ್ಷದ ಅಂಕಿಗೆ. ಒಂದು ಏರಿದರೆ ಇನ್ನೊಂದು ಇಳಿಯುವುದರಿಂದ ಅವುಗಳ ನಡುವಿನ ಅಂತರದ ಮಿತಿ ಸುಮಾರು 12ಕ್ಕೂ ಮೇಲೆ ಹೋಗುತ್ತದೆ. ಆರು ಅಂಶದ ಮುನ್ನಡೆ ನಿಜದಲ್ಲಿ ಹಿನ್ನಡೆಯೂ ಆಗಿರಬಹುದು. ಅದೇ ಕರಾವಳಿಯ ಮೂವತ್ತು ವರ್ಷದೊಳಗಿನ ಮಹಿಳೆಯರು ಎಂದು ಮತ್ತೆ ಸೀಳಿದರೆ ಉಳಿಯುವುದು ಮೂವತ್ತು ಜನರೋ ಏನೋ, ಮಿತಿ ಶೇ. 18. ವಾಸ್ತವದಲ್ಲಿ ಇದಕ್ಕಿಂತಲೂ ಹೆಚ್ಚು. ಏಕೆಂದರೆ ಆ 200 ಜನ ಜಿಲ್ಲೆಯುದ್ದಕ್ಕೂ ಚದುರಿದವರಲ್ಲ. ನಮ್ಮಲ್ಲಿ ಒಳ್ಳೆಯ ಸಮೀಕ್ಷೆಗಳು ಸಾಮಾನ್ಯವಾಗಿ ಕೆಲವು ಮತಗಟ್ಟೆಗಳನ್ನು ಆರಿಸಿ, ಅಲ್ಲಿನ ಮತದಾರರ ಪಟ್ಟಿಯಿಂದ ಹೆಸರು ತೆಗೆಯುತ್ತವೆ. ಒಂದು ಮತಗಟ್ಟೆಗೆ ಇಪ್ಪತ್ತು ಜನರಾದರೆ ಇಡೀ ಕರಾವಳಿಗೆ ಹತ್ತೇ ಮತಗಟ್ಟೆ. ಒಂದೇ ಕೇರಿಯವರು ಒಂದೇ ರೀತಿ ಯೋಚಿಸುವುದು ಹೆಚ್ಚು.

ಇನ್ನೊಂದು ಮಾತು. ಈ ಮಿತಿಗಳೆಲ್ಲ ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಸರಿ ಎಂಬ ಲೆಕ್ಕದವು. ಕೋಷ್ಟಕದಲ್ಲಿ ನಲವತ್ತು ಸಾಲುಗಳಿದ್ದರೆ ಒಂದೆರಡು ಬರಿಯ ಆಕಸ್ಮಿಕದಿಂದ ಮಿತಿ ದಾಟುತ್ತವೆ. ಸುದ್ದಿಯಾಗುವುದು ಆ ವಿಚಿತ್ರ ಸಾಲೇ.

2016ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಇದರ ತುತ್ತತುದಿಯನ್ನು ಕಂಡೆವು. ಲಾಸ್ ಏಂಜಲೀಸ್ ಟೈಮ್ಸ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಮೀಕ್ಷೆಯಲ್ಲಿ ಕಪ್ಪು ಮತದಾರರ ನಡುವೆ ಟ್ರಂಪ್ ಬೆಂಬಲ ಆಗಾಗ ಎರಡಂಕಿಗೆ ಏರುತ್ತಿತ್ತು. ಕಾರಣ ಇಲಿನಾಯ್ ರಾಜ್ಯದ 19 ವರ್ಷದ ಒಬ್ಬ ಯುವಕ. ಸುಮಾರು 3,000 ಜನರ ಆ ಸಮೂಹದಲ್ಲಿ ಅವನಂಥ ಕಪ್ಪು ತರುಣರು ತೀರಾ ಕಡಿಮೆ ಇದ್ದರು. ಜನಸಂಖ್ಯೆಯಲ್ಲಿನ ಪ್ರಮಾಣಕ್ಕೆ ಸರಿದೂಗಿಸಲು ಅವನ ಉತ್ತರಕ್ಕೆ ಸರಾಸರಿ ವ್ಯಕ್ತಿಗಿಂತ ಮೂವತ್ತು ಪಟ್ಟು ತೂಕ ಕೊಟ್ಟಿದ್ದರು. ಅವನು ಟ್ರಂಪ್ ಪರ. ಅವನು ಉತ್ತರಿಸಿದ ವಾರ ಇಡೀ ದೇಶದ ಅಂತರವೇ ಸುಮಾರು ಒಂದು ಅಂಶ ಟ್ರಂಪ್ ಕಡೆ ವಾಲುತ್ತಿತ್ತು. ತೂಕ ಕೊಡುವುದು ತಪ್ಪಲ್ಲ, ಎಲ್ಲ ಸಮೀಕ್ಷೆಗಳೂ ಕೊಡುತ್ತವೆ. ಆದರೆ ವಯಸ್ಸಿನ ಗುಂಪುಗಳನ್ನು ತೀರಾ ಸಣ್ಣಗೆ ಕತ್ತರಿಸಿದ್ದರಿಂದ ಒಬ್ಬನ ಮೇಲೆ ಇಷ್ಟು ಭಾರ ಬಿತ್ತು.

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ನೇಟ್ ಕೋನ್ ಇದನ್ನು ಪತ್ತೆ ಮಾಡಲು ಸಾಧ್ಯವಾದದ್ದು ಸಮೀಕ್ಷಕರು ತಮ್ಮ ಮೂಲ ದತ್ತಾಂಶವನ್ನು ಬಹಿರಂಗವಾಗಿ ಇಟ್ಟಿದ್ದರಿಂದ. ನಮ್ಮ ಟಿವಿ ಪರದೆಯ ಮೇಲೆ ಬರುವ ಜಾತಿವಾರು, ಪ್ರದೇಶವಾರು ಶೇಕಡಾಗಳ ಪಕ್ಕದಲ್ಲಿ ಆ ಸಾಲಿನಲ್ಲಿ ಎಷ್ಟು ಜನರನ್ನು ಕೇಳಿದರು ಎಂಬ ಒಂದು ಸಂಖ್ಯೆಯೂ ಬಹಳ ಸಲ ಇರುವುದಿಲ್ಲ. ಅದಿಲ್ಲದಿದ್ದರೆ ಆ ಶೇಕಡಾವಾರಿನ ಹಿಂದೆ ಮುನ್ನೂರು ಜನರಿದ್ದಾರೋ ಮೂವತ್ತು ಜನರೋ ಎಂದು ತಿಳಿಯುವ ದಾರಿಯೇ ನಮಗಿಲ್ಲ.