ಬಣ್ಣ ಹಚ್ಚುವ ಮೊದಲು: ಒಂದೇ ಬಟನ್ನಿನ ಪುಟದ ವೈರ್‌ಫ್ರೇಮ್

ಶಿರಸಿ ಕಡೆಯ ಒಂದು ಮನೆಯವರು ತಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮೊದಲ ಸಲ ಊರಾಚೆಗೆ ಮಾರಲು ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. ಅರ್ಧ ಕಿಲೋ ಜಾಡಿಗೆ 300 ರೂಪಾಯಿ. ಮಿಡಿ ಸಿಗುವಷ್ಟೇ ಜಾಡಿ; ಹಾಗಾಗಿ ಮುಂಗಡ ಬುಕಿಂಗ್. ಇದಕ್ಕೊಂದು ವೆಬ್ ಪುಟ ಬೇಕು. ಅದರ ವೈರ್‌ಫ್ರೇಮ್ ಎಂದರೆ ಬಣ್ಣ, ಫೋಟೊ ಏನೂ ಇಲ್ಲದೆ, ಯಾವುದು ಎಲ್ಲಿ ಕೂರಬೇಕೆಂದು ಬರಿಯ ಚೌಕಗಳಲ್ಲಿ ಬರೆದುಕೊಳ್ಳುವ ನಕ್ಷೆ.

ಗೆರೆ ಎಳೆಯುವ ಮುನ್ನ ಒಂದು ವಾಕ್ಯ ಬರೆಯಿರಿ: ಪುಟ ನೋಡಿದವರು ಮಾಡಬೇಕಾದ ಒಂದೇ ಕೆಲಸ ಯಾವುದು? ಇಲ್ಲಿ ಅದು ‘ಜಾಡಿ ಬುಕ್ ಮಾಡುವುದು’. ‘ವಾಟ್ಸ್ಯಾಪ್ ಮಾಡಿ’, ‘ನಮ್ಮ ತೋಟದ ಕಥೆ’, ‘ಫೇಸ್‌ಬುಕ್‌ನಲ್ಲಿ ನೋಡಿ’ ಇವೆಲ್ಲ ಒಳ್ಳೆಯವೇ, ಆದರೆ ಬಟನ್ ಆದ ಕೂಡಲೇ ಗಿರಾಕಿಯನ್ನು ಬೇರೆ ಕಡೆ ಕರೆದೊಯ್ಯುತ್ತವೆ. ಮೇಲಿನ ಮೆನುವನ್ನೂ ತೆಗೆದುಬಿಡಿ.

ನಕ್ಷೆಯನ್ನು ಮೊಬೈಲ್ ಅಳತೆಯಲ್ಲೇ ಶುರುಮಾಡಿ: 360 ಪಿಕ್ಸೆಲ್ ಅಗಲ, 800 ಎತ್ತರ. ಈ ಎತ್ತರವೆಲ್ಲ ನಮ್ಮದಲ್ಲ. ಬ್ರೌಸರಿನ ವಿಳಾಸಪಟ್ಟಿಯೂ ಫೋನಿನ ಮೇಲು-ಕೆಳಗಿನ ಪಟ್ಟಿಗಳೂ ಒಂದಿಷ್ಟು ನುಂಗುತ್ತವೆ. ಉಳಿದದ್ದರಲ್ಲಿ ಶೀರ್ಷಿಕೆ, ಜಾಡಿಯ ಚಿತ್ರ, ಬೆಲೆ, ಬಟನ್ ನಾಲ್ಕೂ ಕೂರಬೇಕು. ಸಾಮಾನ್ಯವಾಗಿ ಚಿತ್ರದ ಚೌಕ ಉದ್ದವಾಗಿ ಬಟನ್ ಕೆಳಗೆ ಜಾರುತ್ತದೆ. ಆಗ ಚಿತ್ರವನ್ನೇ ಕತ್ತರಿಸಿ. ಬಟನ್ನಿನ ಎತ್ತರ 48ಕ್ಕಿಂತ ಕಡಿಮೆಯಾದರೆ ಹೆಬ್ಬೆರಳು ತಪ್ಪುತ್ತದೆ.

ಚೌಕದೊಳಗೆ ಅಡ್ಡಗೆರೆ ಎಳೆದು ‘ಇಲ್ಲಿ ಬರಹ’ ಎಂದು ಬಿಡುವ ರೂಢಿಯಿದೆ. ಕನ್ನಡ ಪುಟಕ್ಕೆ ಅದು ಕೈಕೊಡುತ್ತದೆ. ನಮ್ಮ ಪದಗಳು ಉದ್ದ, ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಎರಡು ಸಾಲು ಎಂದುಕೊಂಡ ಶೀರ್ಷಿಕೆ ನಾಲ್ಕಾಗುತ್ತದೆ. ಆದ್ದರಿಂದ ನಿಜವಾದ ಮಾತನ್ನೇ ಬರೆಯಿರಿ: ‘ಈ ವರ್ಷದ ಅಪ್ಪೆಮಿಡಿ, ಜೂನ್‌ನಲ್ಲಿ ನಿಮ್ಮ ಮನೆಗೆ.’ ಬಟನ್ ಮೇಲೆ ‘ಸಲ್ಲಿಸಿ’ ಬೇಡ, ‘ಜಾಡಿ ಬುಕ್ ಮಾಡಿ’ ಇರಲಿ. ಅದರಡಿ ಸಣ್ಣ ಸಾಲು: ‘ಈಗ ಹಣ ಬೇಡ, ಕಳಿಸುವ ಮುನ್ನ ಫೋನ್ ಮಾಡುತ್ತೇವೆ.’ ಒತ್ತಿದರೆ ಏನಾಗುತ್ತದೋ ಎಂಬ ಅಳುಕನ್ನು ಕಳೆಯುವುದು ಈ ಸಾಲೇ.

ಕೆಳಗಿನ ಚೌಕಗಳು ಗಿರಾಕಿಯ ಅನುಮಾನಗಳ ಸರದಿಯಲ್ಲಿ ಬರಲಿ: ಯಾವ ಎಣ್ಣೆ, ಎಷ್ಟು ದಿನ ಕೆಡದೆ ಇರುತ್ತದೆ, ದಾರಿಯಲ್ಲಿ ಜಾಡಿ ಒಡೆದರೆ? ಕೊನೆಗೆ ಅದೇ ಬಟನ್, ಅದೇ ಮಾತು. ಎರಡನೆಯದಕ್ಕೆ ‘ಈಗಲೇ ಪಡೆಯಿರಿ’ ಎಂದು ಬರೆದರೆ ಅದು ಬೇರೇನೋ ಎಂದು ಓದುಗ ತಡೆದು ನಿಲ್ಲುತ್ತಾನೆ. ಬಟನ್ ಒತ್ತಿದಾಗ ತೆರೆಯುವ ಫಾರಂನಲ್ಲಿ ಹೆಸರು, ಫೋನ್, ಪಿನ್‌ಕೋಡ್, ಎಷ್ಟು ಜಾಡಿ, ಇಷ್ಟೇ. ಪೂರ್ತಿ ವಿಳಾಸವನ್ನು ಫೋನಿನಲ್ಲೇ ಕೇಳಬಹುದು.

ನಕ್ಷೆ ಮುಗಿದ ಮೇಲೆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಮೊದಲ ಪರದೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿಡಿ. ಏನು ಮಾರುತ್ತಿದ್ದಾರೆ, ನೀವೇನು ಮಾಡಬೇಕು ಎಂದು ಕೇಳಿ. ‘ಉಪ್ಪಿನಕಾಯಿ, ಬುಕ್ ಮಾಡಬೇಕು’ ಎಂದರೆ ಸರಿ. ‘ಏನೋ ತೋಟದ ವಿಚಾರ’ ಎಂದರೆ ಶೀರ್ಷಿಕೆ ಬದಲಿಸಿ. ‘ಕೊರಿಯರ್ ಖರ್ಚು ಬೇರೆಯಾ?’ ಎಂದು ತಿರುಗಿ ಕೇಳಿದರೆ, ಕೆಳಗೆಲ್ಲೋ ಇಟ್ಟಿದ್ದ ಕೊರಿಯರ್ ಖರ್ಚಿನ ಸಾಲನ್ನು ಬೆಲೆಯ ಪಕ್ಕಕ್ಕೆ ತನ್ನಿ.