16 ಲಕ್ಷದ ಆಫರ್‌ನಲ್ಲಿ ಕೈಗೆ ಬರುವುದೆಷ್ಟು?

ಸಿವಿಲ್ ಎಂಜಿನಿಯರಿಂಗ್ ಮುಗಿಸಿದ ಹುಡುಗಿಯೊಬ್ಬಳ ಮುಂದೆ ಎರಡು ಪತ್ರಗಳಿವೆ ಎಂದುಕೊಳ್ಳಿ. ಒಂದು ಬೆಂಗಳೂರಿನ ಪುಟ್ಟ ಸ್ಟಾರ್ಟಪ್‌ನದು, ವರ್ಷಕ್ಕೆ 16 ಲಕ್ಷ ಸಿಟಿಸಿ. ಇನ್ನೊಂದು ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರ್ ಹುದ್ದೆಯ ನೇಮಕಾತಿ ಆದೇಶ. ಮನೆಯವರು ಎರಡನೆಯದನ್ನು ಹಿಡಿ ಎನ್ನುತ್ತಾರೆ, ಗೆಳೆಯರು ಮೊದಲನೆಯದನ್ನು. ಸಂಬಳ ಸ್ಟಾರ್ಟಪ್‌ನಲ್ಲೇ ಹೆಚ್ಚು ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಿ ನೋಡುವುದಿಲ್ಲ.

ಆ 16 ಲಕ್ಷವನ್ನು ಬಿಡಿಸೋಣ. ಅದರಲ್ಲಿ 3 ಲಕ್ಷ ಈಸಾಪ್, ಅಂದರೆ ಮುಂದೆ ಷೇರು ಕೊಳ್ಳುವ ಹಕ್ಕು. ಒಂದೂವರೆ ಲಕ್ಷ ಕೆಲಸ ನೋಡಿ ಕೊಡುವ ಬೋನಸ್. ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ, ವಿಮೆಗೆ ಒಂದು ಲಕ್ಷ. ಉಳಿದದ್ದು ಹತ್ತೂವರೆ ಲಕ್ಷ, ತಿಂಗಳಿಗೆ 87,500. ರಾಜ್ಯದ 7ನೇ ವೇತನ ಆಯೋಗದ ನಂತರ ಸಹಾಯಕ ಎಂಜಿನಿಯರ್‌ನ ಆರಂಭಿಕ ಮೂಲವೇತನ 69,250. ಬೆಂಗಳೂರಿನಲ್ಲಿ ಮನೆ ಬಾಡಿಗೆ ಭತ್ಯೆ ಶೇ 20 ಸೇರಿದರೆ 83,100. ತುಟ್ಟಿಭತ್ಯೆ ಇದರ ಮೇಲೆ. ಜೊತೆಗೆ ಎನ್‌ಪಿಎಸ್‌ಗೆ ಸರ್ಕಾರ ಶೇ 14 ಕಟ್ಟುತ್ತದೆ. ಮೊದಲ ವರ್ಷಕ್ಕೆ ಎರಡೂ ಸರಿಸುಮಾರು ಒಂದೇ! ಬೆಂಗಳೂರಿನ ಹೊರಗೆ ಪೋಸ್ಟಿಂಗ್ ಆದರೆ ಭತ್ಯೆಯೂ ಕಡಿಮೆ, ಬಾಡಿಗೆಯೂ ಕಡಿಮೆ.

ಹಾಗಾದರೆ ಸ್ಟಾರ್ಟಪ್‌ನ ಆಸೆಯೆಲ್ಲ ಈಸಾಪ್ ಮೇಲೆ ನಿಂತಿದೆ. ಸಾಮಾನ್ಯವಾಗಿ ಅದು ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಕೈಸೇರುತ್ತದೆ. ಮೊದಲ ವರ್ಷ ತುಂಬುವ ಮುನ್ನ ಬಿಟ್ಟರೆ ಸೊನ್ನೆ. ಎರಡು ವರ್ಷಕ್ಕೆ ಬಿಟ್ಟರೆ ಅರ್ಧ ಸಿಗುತ್ತದೆ, ಆದರೆ ಅನೇಕ ಕಂಪನಿಗಳಲ್ಲಿ 90 ದಿನದೊಳಗೆ ಸ್ವಂತ ದುಡ್ಡು ಕೊಟ್ಟು ಕೊಳ್ಳಬೇಕು. 100 ರೂಪಾಯಿಗೆ ಕೊಂಡ ಷೇರಿಗೆ ಅಂದು 600 ಬೆಲೆ ಕಟ್ಟಿದ್ದರೆ, ನಡುವಿನ 500 ರೂಪಾಯಿ ಸಂಬಳವೆಂದೇ ಲೆಕ್ಕ, ಅದಕ್ಕೆ ತೆರಿಗೆ. ಆ ಷೇರನ್ನು ಕೊಳ್ಳುವವರು ಮಾತ್ರ ಯಾರೂ ಇಲ್ಲದಿರಬಹುದು. ನಾನಾದರೆ ಈಸಾಪ್‌ಗೆ ಸೊನ್ನೆ ಹಾಕಿಯೇ ಲೆಕ್ಕ ಶುರುಮಾಡುತ್ತೇನೆ.

ಆಮೇಲೆ ಕೇಳಬೇಕಾದ್ದು ಒಂದೇ: ಬ್ಯಾಂಕಿನಲ್ಲಿ ಎಷ್ಟಿದೆ, ತಿಂಗಳಿಗೆ ಎಷ್ಟು ಕರಗುತ್ತಿದೆ? 6 ಕೋಟಿ ಇದ್ದು 50 ಲಕ್ಷ ಕರಗುತ್ತಿದ್ದರೆ ಆಯುಸ್ಸು ಹನ್ನೆರಡು ತಿಂಗಳು. ಹೊಸ ಬಂಡವಾಳ ಎತ್ತಲು ಹಲವು ತಿಂಗಳೇ ಬೇಕು. ಉತ್ತರ ಹಾರಿಕೆಯದಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಆಯವ್ಯಯ ಪಟ್ಟಿ ನೋಡಬಹುದು. ಸೇರಿದ ಮೇಲೆ ಪಿಎಫ್ ಪಾಸ್‌ಬುಕ್ ತೆರೆದು ನೋಡುತ್ತಿರಲಿ. ಸಂಬಳದಲ್ಲಿ ಕಡಿತವಾದ ಹಣ ಅಲ್ಲಿ ಜಮೆಯಾಗದಿದ್ದರೆ ಬೇರೆ ಕೆಲಸ ಹುಡುಕುವ ಹೊತ್ತಾಯಿತು.

ಇಲಾಖೆಗೂ ಅದರದೇ ಬೆಲೆಯಿದೆ. ಅಲ್ಲಿ ದಿನ ಕಳೆಯುವುದು ಅಂದಾಜುಪಟ್ಟಿ, ಟೆಂಡರ್, ಅಳತೆ ಪುಸ್ತಕ, ಗುತ್ತಿಗೆದಾರರ ಬಿಲ್ಲುಗಳಲ್ಲಿ. ಐದು ವರ್ಷದ ನಂತರ ಅವಳ ಸ್ಟಾರ್ಟಪ್ ಗೆಳತಿಯ ಸಂಬಳ ದುಪ್ಪಟ್ಟಾಗಿರಬಹುದು, ಇವಳದು ವಾರ್ಷಿಕ ಬಡ್ತಿಯ ಮೆಟ್ಟಿಲಲ್ಲೇ ಇರುತ್ತದೆ. ಇಷ್ಟಾಗಿಯೂ ಸರ್ಕಾರಿ ನೇಮಕಾತಿಗೆ ವಯೋಮಿತಿ ಇದೆ, ಸ್ಟಾರ್ಟಪ್‌ಗೆ ಇಲ್ಲ.